ಗಡುವು ಮುಗಿದ ಮೇಲಿನ ಜಾಬ್: ಶುಕ್ರವಾರದಿಂದ ಹೋಗುವ ಸಂದೇಶ

18 ಸೆಪ್ಟೆಂಬರ್ 2025, ಜಯನಗರ ಆಫೀಸು
ಆದಾಯ ತೆರಿಗೆ ಫೈಲಿಂಗ್ ನೋಡಿಕೊಳ್ಳುವ ಎಲ್ಲರಿಗೂ,

ನಿನ್ನೆ ಬೆಳಿಗ್ಗೆ ನಮ್ಮ ಸರ್ವರಿನಲ್ಲಿ ತಾನಾಗಿ ಓಡುವ ರಿಮೈಂಡರ್ ಜಾಬ್ ಕಕ್ಷಿದಾರರಿಗೆ ಕಳಿಸಿದ ಸಾಲು ಇದು: "ರಿಟರ್ನ್ ಸಲ್ಲಿಸಲು ಇನ್ನು -2 ದಿನ ಬಾಕಿ, ಕೂಡಲೇ ಸಲ್ಲಿಸಿ." ಬಸವನಗುಡಿಯಿಂದ ನಿವೃತ್ತ ಟೀಚರ್ ಒಬ್ಬರು ಫೋನ್ ಮಾಡಿದರು. ಅವರದು ಜುಲೈನಲ್ಲೇ ಫೈಲ್ ಆಗಿದೆ. "ನನ್ನಿಂದ ಏನು ತಪ್ಪಾಯ್ತಪ್ಪ?" ಎಂದು ಕೇಳಿದರು. ಆ ಪ್ರಶ್ನೆ ಅವರ ಬಾಯಿಂದ ಬರಲೇಬಾರದಿತ್ತು.

ಕಾರಣ ಎರಡು. ಜುಲೈ 31ರ ಗಡುವು ಸೆಪ್ಟೆಂಬರ್ 15ಕ್ಕೆ ಹೋದಾಗ ಕೋಡಿನಲ್ಲಿ ತಾರೀಖನ್ನು ಕೈಯಿಂದ ತಿದ್ದಿದ್ದೆವು. 15ರ ರಾತ್ರಿ ಮತ್ತೊಂದು ದಿನ ಸಿಕ್ಕಿ 16 ಆಯಿತು, ಅದನ್ನು ಯಾರೂ ತಿದ್ದಲಿಲ್ಲ. ಜಾಬ್ 15ರಿಂದ ಲೆಕ್ಕ ಹಾಕಿ -2 ತೋರಿಸಿತು. ಜೊತೆಗೆ ಅದು ಓದಿದ್ದು ಆಗಸ್ಟಿನ ಹಳೇ ಪಟ್ಟಿ. ಇನ್ನು ಮುಂದೆ ತಾರೀಖು ಸೆಟ್ಟಿಂಗ್ಸ್ ಫೈಲಿನಲ್ಲಿರುತ್ತದೆ, ಯಾರು ಫೈಲ್ ಮಾಡಿದ್ದಾರೆ ಎನ್ನುವುದನ್ನು ಕಳಿಸುವ ಕ್ಷಣದಲ್ಲೇ ನೋಡುತ್ತದೆ. ಗಡುವು ದಾಟಿದರೆ "ಬಾಕಿ ದಿನ" ಎನ್ನುವ ಸಾಲು ಹೊರಡುವುದೇ ಇಲ್ಲ, ಬೇರೆಯೇ ಸಂದೇಶ ಹೊರಡುತ್ತದೆ. ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ, ಆದ್ದರಿಂದ ನಮ್ಮ ಬೆಳಿಗ್ಗೆ 10 ಗಂಟೆಗೆ ಓಡಲು 4:30 ಎಂದು ಹಾಕಿದ್ದೇನೆ:

```
30 4 19 9 *        /opt/reminder/after_due.sh
30 4 1,15 10-12 *  /opt/reminder/after_due.sh
30 4 29 12 *       /opt/reminder/after_due.sh
```

ಆಡಿಟ್ ಇರುವವರ ಗಡುವೇ ಬೇರೆ, ಅವರು ಈ ಪಟ್ಟಿಯಲ್ಲಿಲ್ಲ. ಫೈಲ್ ಮಾಡಿ ವೆರಿಫೈ ಮಾಡದವರಿಗೂ ಇದು ಹೋಗಬಾರದು. ಅವರಿಗೆ 30 ದಿನದೊಳಗೆ ಇ-ವೆರಿಫೈ ಮಾಡಿ ಎಂದು ನಾವೇ ಫೋನ್ ಮಾಡೋಣ. ಆ 30 ದಿನ ದಾಟಿದರೆ ವೆರಿಫೈ ಮಾಡಿದ ದಿನವನ್ನೇ ಫೈಲಿಂಗ್ ದಿನ ಎಂದು ಹಿಡಿಯುತ್ತಾರೆ, ಆಗ ಸಮಯಕ್ಕೆ ಸರಿಯಾಗಿ ಮಾಡಿದವರಿಗೂ ಲೇಟ್ ಫೀ ಬೀಳುತ್ತದೆ.

ಇಮೇಲಿನಲ್ಲಿ ಹೋಗುವ ಪೂರ್ತಿ ಪಠ್ಯ ಇದು. ಗದರಿಸುವ ಒಂದು ಪದವೂ ಬೇಡ ಎಂದು ಕೂತು ಬರೆದಿದ್ದೇನೆ:

> ವಿಷಯ: ನಿಮ್ಮ ರಿಟರ್ನ್ ಇನ್ನೂ ಸಲ್ಲಿಸಬಹುದು, ಡಿಸೆಂಬರ್ 31ರವರೆಗೆ ಸಮಯವಿದೆ
>
> ನಮಸ್ಕಾರ,
>
> 2024-25ರ ಆದಾಯಕ್ಕೆ ರಿಟರ್ನ್ ಸಲ್ಲಿಸುವ ಗಡುವು ಸೆಪ್ಟೆಂಬರ್ 16ಕ್ಕೆ ಮುಗಿಯಿತು. ನಮ್ಮ ದಾಖಲೆಯಲ್ಲಿ ನಿಮ್ಮ ರಿಟರ್ನ್ ಇನ್ನೂ ಕಾಣುತ್ತಿಲ್ಲ. ಬೇರೆ ಕಡೆ ಸಲ್ಲಿಸಿದ್ದರೆ "ಆಗಿದೆ" ಎಂದು ಉತ್ತರಿಸಿ, ಮತ್ತೆ ನೆನಪಿಸುವುದಿಲ್ಲ.
>
> ಸಲ್ಲಿಸಿಲ್ಲವಾದರೆ ಗಾಬರಿ ಬೇಡ. ಡಿಸೆಂಬರ್ 31, 2025ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದು. ಒಟ್ಟು ಆದಾಯ 5 ಲಕ್ಷ ದಾಟಿದ್ದರೆ ಲೇಟ್ ಫೀ ₹5,000, ಅದರೊಳಗಿದ್ದರೆ ಹೆಚ್ಚೆಂದರೆ ₹1,000. ರಿಬೇಟಿನಿಂದ ತೆರಿಗೆ ಸೊನ್ನೆಯಾಗಿದ್ದರೂ ಈ ಫೀ ಬರುತ್ತದೆ. ತೆರಿಗೆ ಬಾಕಿ ಇದ್ದರೆ ತಿಂಗಳಿಗೆ ಶೇ. 1 ಬಡ್ಡಿ ಸೇರುತ್ತದೆ, ತಿಂಗಳ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಬಾಕಿ ಇರುವವರು ಈ ವಾರವೇ ಕಟ್ಟಿದರೆ ಒಳ್ಳೆಯದು.
>
> ಇಬ್ಬರಿಗೆ ಮುಖ್ಯವಾಗಿ ತಿಳಿಸಬೇಕು. ಸಂಬಳದಾರರು 80ಸಿ, ಮನೆ ಬಾಡಿಗೆ ತೋರಿಸಿ ಹಳೇ ಪದ್ಧತಿಯಲ್ಲಿ ಲೆಕ್ಕ ಹಾಕಲು ಇನ್ನು ಆಗುವುದಿಲ್ಲ. ಷೇರು, ಮ್ಯೂಚುವಲ್ ಫಂಡಿನಲ್ಲಿ ಈ ವರ್ಷ ಆದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಲೂ ಬರುವುದಿಲ್ಲ. ಟಿಡಿಎಸ್ ಹೆಚ್ಚು ಕಡಿತವಾಗಿದ್ದರೆ ರೀಫಂಡ್ ಮಾತ್ರ ಈಗಲೂ ಕೇಳಬಹುದು.
>
> ಫಾರ್ಮ್ 16, ಬ್ಯಾಂಕ್ ಬಡ್ಡಿಯ ವಿವರ ಇವೆರಡನ್ನು ಆಫೀಸಿಗೆ ತಂದುಕೊಡಿ. ಈ ಪತ್ರದಲ್ಲಿ ನಾವು ಯಾವ ಲಿಂಕೂ ಹಾಕಿಲ್ಲ. ರೀಫಂಡ್ ಹೆಸರಿನಲ್ಲಿ ಬರುವ ಲಿಂಕ್ ಒತ್ತಬೇಡಿ, ಒಟಿಪಿಯನ್ನು ನಮಗೂ ಫೋನಿನಲ್ಲಿ ಹೇಳಬೇಡಿ. ನೀವೇ ನೋಡಬೇಕೆಂದಿದ್ದರೆ incometax.gov.in ಎಂದು ಟೈಪ್ ಮಾಡಿ ಹೋಗಿ.

ಕೊನೆಯ ಸಾಲುಗಳನ್ನು ಉದ್ದವಾಯಿತು ಎಂದು ತೆಗೆಯಬೇಡಿ. ಗಡುವು ಮುಗಿದ ವಾರ ಹೆದರಿರುವವರು ಯಾವ ಲಿಂಕನ್ನಾದರೂ ಒತ್ತುತ್ತಾರೆ.

ಎಸ್ಎಂಎಸ್‌ಗೆ ಇಷ್ಟೇ: "ಗಡುವು ಮುಗಿದಿದೆ, ಡಿ.31ರವರೆಗೆ ರಿಟರ್ನ್ ಸಲ್ಲಿಸಬಹುದು. ಇಮೇಲ್ ನೋಡಿ." ಕನ್ನಡ ಎಸ್ಎಂಎಸ್‌ನಲ್ಲಿ 70 ಕ್ಯಾರಕ್ಟರ್ ದಾಟಿದರೆ ಎರಡು ಮೆಸೇಜಾಗುತ್ತದೆ, ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. ಈ ಪಠ್ಯ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಒಪ್ಪಿಗೆಯಾಗುವವರೆಗೆ ಎಸ್ಎಂಎಸ್ ನಿಲ್ಲಿಸಿದ್ದೇನೆ, ಇಮೇಲ್ ಮಾತ್ರ ಹೋಗುತ್ತದೆ.

ಡಿಸೆಂಬರ್ 29ರ ಓಟವೇ ಈ ಪಠ್ಯಕ್ಕೆ ಕೊನೆ. ಜನವರಿ 1ರ ನಂತರ ಉಳಿಯುವುದು ಅಪ್‌ಡೇಟೆಡ್ ರಿಟರ್ನ್ ಒಂದೇ, ಅದರಲ್ಲಿ ಹೆಚ್ಚುವರಿ ತೆರಿಗೆ ಶೇ. 25ರಿಂದ ಶುರು, ರೀಫಂಡ್ ಕೇಳುವ ಹಾಗೂ ಇಲ್ಲ. ಅದಕ್ಕೆ ಬೇರೆ ಸಂದೇಶವನ್ನು ಡಿಸೆಂಬರ್ ಮೊದಲ ವಾರ ಬರೆದುಕೊಡುತ್ತೇನೆ. ಟೀಚರಿಗೆ ನಾನೇ ಇವತ್ತು ಸಂಜೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ನಿನ್ನೆಯ ಸಂದೇಶ ಹೋದ ಉಳಿದವರ ಪಟ್ಟಿ ನನ್ನ ಮೇಜಿನ ಮೇಲಿದೆ, ಫೈಲ್ ಆಗಿರುವವರ ಹೆಸರಿನ ಮುಂದೆ ಟಿಕ್ ಹಾಕಿದ್ದೇನೆ. ನಿಮ್ಮ ನಿಮ್ಮ ಕಕ್ಷಿದಾರರಿಗೆ ನಾಳೆ 10 ಗಂಟೆಯೊಳಗೆ ಒಂದು ಮಾತು ಹೇಳಿಬಿಡಿ.