ಇನ್ನೊಂದು ಬಿಸಿಲು

ಬೆಳಗ್ಗೆ ಹಿಂಬಾಗಿಲು ತೆಗೆದರೆ ಮೋಡ. ಫೆಬ್ರವರಿ ತಿಂಗಳ ಮೋಡ ಅಂದರೆ ಮೂಡಿಗೆರೆ ಕಡೆಯವರಿಗೆ ಎರಡು ಮನಸ್ಸು. ತೋಟಕ್ಕೆ ಮಳೆ ಬೇಕು, ಕಣಕ್ಕೆ ಬೇಡ. ರೊಬಸ್ಟಾ ಗಿಡದಲ್ಲಿ ಮೊಗ್ಗು ಹೂಮಳೆಗೆ ಕಾಯುತ್ತಿರುತ್ತದೆ. ಅದೇ ಗಿಡದಿಂದ ಕುಯ್ದ ಹಣ್ಣು ಅಂಗಳದಲ್ಲಿ ಒಣಗುತ್ತಿರುತ್ತದೆ. ದೇವರ ಹತ್ತಿರ ಏನಂತ ಕೇಳೋದು?

ಮಾವ ಆಗಲೇ ಜಗಲಿಯ ಕಟ್ಟೆ ಮೇಲೆ ಕೂತಿದ್ದರು. ಕಾಫಿ ಲೋಟ ಅವರ ಬಲಗಡೆ ಇಟ್ಟು, "ಮಾವ, ರೊಟ್ಟಿಗೆ ಕಾಯಿಚಟ್ನಿ ಸಾಕಾ?" ಅಂತ ಕೇಳಿದೆ.

"ಹ್ಞೂಂ, ಒಂಬತ್ತಕ್ಕೆಲ್ಲ ಬಿಸಿಲು ಬರುತ್ತೆ," ಅಂದರು.

ಒಳಗೆ ಬಂದು ಅತ್ತೆಗೆ ಹೇಳಿದೆ. "ಅವರ ತಲೆ ತುಂಬ ಕಣ," ಅಂತ ಅತ್ತೆ ನಕ್ಕರು. ಈ ನಡುವೆ ಮಾವ ಹೀಗೆ ಏನೋ ಕೇಳಿದರೆ ಇನ್ನೇನೋ ಹೇಳುವುದು ಜಾಸ್ತಿಯಾಗಿದೆ. ವಯಸ್ಸಾಯಿತು, ಯೋಚನೆ ಎಲ್ಲೋ ಇರುತ್ತದೆ ಅಂತ ನಾವು ಸುಮ್ಮನಾಗಿದ್ದೆವು.

ಒಂಬತ್ತಕ್ಕೆ ನಿಜವಾಗಲೂ ಬಿಸಿಲು ಬಂತು. ನಾನು, ಅತ್ತೆ ಸೇರಿ ಟಾರ್ಪಾಲು ಎತ್ತಿ ಮಡಚಿದೆವು. ರಾತ್ರಿಯ ರಾಶಿಯೊಳಗೆ ಕೈ ಹಾಕಿದರೆ ಇನ್ನೂ ಬೆಚ್ಚಗಿತ್ತು. ಗೋರುಮಣೆ ಹಿಡಿದು ರಾಶಿ ಎಳೆದು ಹರಡಿದೆ. ಹನ್ನೆರಡು ದಿನದ ಹಿಂದೆ ಕೆಂಪಗೆ, ಅಂಟಂಟಾಗಿದ್ದ ಹಣ್ಣು ಈಗ ಕಪ್ಪಾಗಿ, ಸುಕ್ಕಾಗಿ, ಎಳೆದಾಗೆಲ್ಲ ಚರ್ರ್ ಅನ್ನುತ್ತಿತ್ತು. ಮೊದಮೊದಲು ಈ ಕೆಲಸ ನನಗೆ ಬರುತ್ತಿರಲಿಲ್ಲ. ಒಂದು ಕಡೆ ಗುಡ್ಡ, ಒಂದು ಕಡೆ ಬೋಳು ಮಾಡಿಡುತ್ತಿದ್ದೆ. ನಾನು ಅರಸೀಕೆರೆ ಕಡೆಯವಳು. ನಮ್ಮಲ್ಲಿ ತೆಂಗು, ರಾಗಿ. ಮದುವೆಯಾಗಿ ಬಂದ ವರ್ಷ ಕಾಫಿಗಿಡಕ್ಕೂ ಕಾಡುಗಿಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅದನ್ನು ಇವರ ನೆಂಟರೆಲ್ಲ ಇವತ್ತಿಗೂ ಮದುವೆಮನೆಗಳಲ್ಲಿ ಹೇಳಿಕೊಂಡು ನಗುತ್ತಾರೆ. ಹನ್ನೊಂದು ವರ್ಷವಾಯಿತು, ಸಾಕು ಅನ್ನಿಸುತ್ತದೆ. ಆದರೆ ನೆಂಟರು.

ಸ್ಪ್ರಿಂಕ್ಲರಿನ ಪಂಪು ಕೆಟ್ಟು ಎರಡು ದಿನವಾಗಿತ್ತು. ನಮ್ಮವರು ಅದರ ಮೋಟರು ಜೀಪಿಗೆ ಹಾಕಿಕೊಂಡು ಪೇಟೆಗೆ ಹೊರಟರು. ಹೋಗುವಾಗ ಕಿಟಕಿಯಿಂದ ತಲೆ ಹಾಕಿ, "ಅಪ್ಪ, ವ್ಯಾಪಾರಿ ಫೋನ್ ಮಾಡಿದ್ದ. ನಾಳೆ ಗಾಡಿ ಕಳಿಸ್ಲಾ ಅಂತಾನೆ. ಸಂಜೆ ನೋಡಿ ಹೇಳಿ," ಅಂತ ಕೂಗಿದರು. ಜೀಪಿನ ಸದ್ದಿನಲ್ಲಿ ಕೂಗಲೇಬೇಕಲ್ಲ. ಮಾವ ಕೈ ಎತ್ತಿದರು.

ನೋಡುವುದು ಅಂದರೆ ಮಾವನೇ ನೋಡಬೇಕು. ಈ ಮನೆಯಲ್ಲಿ ಅದು ಮೊದಲಿನಿಂದ ಹಾಗೆಯೇ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವರು ಕಣಕ್ಕಿಳಿಯುತ್ತಾರೆ. ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಕಾಫಿ ತೆಗೆದು ಒಂದು ಮುಷ್ಟಿ ಮಾಡುತ್ತಾರೆ. ಬಲಗಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ. ಆಮೇಲೆ ತುಂಬಿ ಅಂತಲೋ, ಬೇಡ ಅಂತಲೋ ಒಂದೇ ಮಾತು. ವ್ಯಾಪಾರಿ ತೇವ ಅಳೆಯುವ ಮೀಟರು ತರುತ್ತಾನೆ. ಅವನ ಮೀಟರು ಮಾವನ ಮಾತಿಗೆ ತಪ್ಪಿದ್ದು ನಾನಂತೂ ನೋಡಿಲ್ಲ.

ಮಧ್ಯಾಹ್ನ ಹುರುಳಿ ಸಾರು, ಅನ್ನ. ಊಟವಾದ ಮೇಲೆ ಎರಡು ಸಲ ಕೈಯಾಡಿಸಿದೆ. ಕೋಳಿಗಳು ಬಂದು ಕೆದಕಿ ಹೋದವು. ಮಾವ ಕಟ್ಟೆಯಿಂದಲೇ "ಹುಶ್" ಅಂದರು, ಅವು ಕ್ಯಾರೇ ಅನ್ನಲಿಲ್ಲ. ಟೀವಿಯಲ್ಲಿ ವಾರ್ತೆ ಎಷ್ಟು ಜೋರಾಗಿ ಹಾಕಿದ್ದರು ಅಂದರೆ ಕಣದ ಆ ತುದಿಯಲ್ಲಿ ನಿಂತ ನನಗೂ ಎಲ್ಲ ಸುದ್ದಿ ಗೊತ್ತಾಯಿತು.

ಐದು ಗಂಟೆಗೆ ಮಾವ ಚಪ್ಪಲಿ ಕಳಚಿಟ್ಟು ಕಣಕ್ಕಿಳಿದರು. ನಾನು ಅಂಚಿನಿಂದ ರಾಶಿ ಎಳೆಯುತ್ತಾ ಬರುತ್ತಿದ್ದೆ. ಅವರು ಬಗ್ಗಿ ಬಗ್ಗಿ ಕಾಫಿ ಆರಿಸಿಕೊಂಡರು. ಮುಷ್ಟಿ ಬಲಗಿವಿಗೆ ಹಿಡಿದರು. ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಆಮೇಲೆ ಕೈ ಬದಲಿಸಿ ಎಡಗಿವಿಗೆ ಹಿಡಿದರು.

ಹನ್ನೊಂದು ವರ್ಷದಲ್ಲಿ ಅವರು ಎಡಗಿವಿಗೆ ಹಿಡಿದದ್ದು ನಾನು ನೋಡಿರಲಿಲ್ಲ.

ಗೋರುಮಣೆ ಎಳೆಯುವುದು ನಿಲ್ಲಿಸಿದೆ. ಅದರ ಸದ್ದಿಗೆ ಕೇಳುತ್ತಿಲ್ಲವೇನೋ ಅಂದುಕೊಂಡೆ. ಕಣ ಪೂರ್ತಿ ಮೌನವಾಯಿತು. ಅವರು ಇನ್ನೊಮ್ಮೆ ಅಲ್ಲಾಡಿಸಿ ಆಕಾಶ ನೋಡಿದರು. ನೆಟ್ಟಗೆ ನನ್ನ ಹತ್ತಿರ ಬಂದರು.

"ಕೈ ಹಿಡಿ," ಅಂದರು.

ಬೊಗಸೆ ಒಡ್ಡಿದೆ. ಆ ಮುಷ್ಟಿ ಕಾಫಿ ಸುರಿದು, "ನೋಡು," ಅಂದರು.

ನಾನು ಯಾಕೆ ಅಂತ ಕೇಳಲಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಲಗಲ ಅಂದಿತು. ಆದರೆ ಗಲಗಲದ ಮಧ್ಯೆ ಎಲ್ಲೋ ಒಂದೆರಡು ಕಾಯಿ ಮಾತಾಡದೆ ಕೂತಿದ್ದವು. ಮಂಕಾದ ಸದ್ದು, ಒದ್ದೆ ಮರಕ್ಕೆ ತಟ್ಟಿದ ಹಾಗೆ.

ಈ ಸದ್ದು ನನಗೆ ಹೊಸದೇನಲ್ಲ. ನಮ್ಮನೆ ಅಟ್ಟದಲ್ಲಿ ಸಾವಿರಾರು ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕೂತಿರುತ್ತಿದ್ದವು. ಅಪ್ಪ ಏಣಿ ಹತ್ತಿ ಒಂದೊಂದೇ ಕಾಯಿ ನನ್ನ ಕೈಗೆ ಕೊಡುತ್ತಿದ್ದರು. ಗಡಗಡ ಅಂದರೆ ಆಯಿತು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಅನ್ನದಿದ್ದರೆ ವಾಪಸ್ಸು ಅಟ್ಟಕ್ಕೆ. ನಾಲ್ಕನೇ ಕ್ಲಾಸಿಗೇ ನಾನು ತಪ್ಪದೆ ಹೇಳುತ್ತಿದ್ದೆ. ಇದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಇನ್ನೊಂದು ಬಿಸಿಲು ಬೇಕು ಮಾವ," ಅಂದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಒಂದು ಸಾಕಾ?"

"ಒಂದು ಸಾಕು."

"ನಂಗೂ ಹಂಗೇ ಅನ್ನಿಸ್ತು," ಅಂದು ಟಾರ್ಪಾಲಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ. ನಾಲ್ಕು ಮೂಲೆಗೂ ಕಲ್ಲು ಹೇರಿ, ಅಂಚು ಒಳಕ್ಕೆ ಸಿಕ್ಕಿಸಿದೆವು. ಕೈಯಲ್ಲಿದ್ದ ಕಾಫಿಯನ್ನು ಏನು ಮಾಡಬೇಕೋ ತಿಳಿಯದೆ ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ. ಆಮೇಲೆ ನೆನಪಾಗಿ ರಾಶಿಗೆ ಹಾಕಿದೆ.

ಕತ್ತಲಾಗುವಾಗ ಜೀಪು ಬಂತು. ಮೋಟರು ರಿಪೇರಿ ಆಗಿರಲಿಲ್ಲ. ತಾಮ್ರದ ತಂತಿ ಪೂರ್ತಿ ಹೊಸದಾಗಿ ಸುತ್ತಬೇಕಂತೆ, ಬುಧವಾರ ಬನ್ನಿ ಅಂದರಂತೆ. ನಮ್ಮವರು ಕಾಲು ತೊಳೆಯುತ್ತಾ, "ಅಪ್ಪ, ನಾಳೆ ಗಾಡಿಗೆ ಏನು ಹೇಳ್ಲಿ?" ಅಂತ ಕೇಳಿದರು.

ಮಾವ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

ನಮ್ಮವರು ಹತ್ತಿರ ಬಂದು ಇನ್ನೊಂದು ಸಲ ಜೋರಾಗಿ ಕೇಳಿದರು.

"ನಾಳಿದ್ದು ಬರಕ್ಕೆ ಹೇಳು," ಅಂದರು ಮಾವ. "ಇನ್ನೊಂದು ಬಿಸಿಲು ಬೇಕಂತೆ."

"ಬೇಕಂತೆ?"

ಮಾವ ಉತ್ತರ ಕೊಡಲಿಲ್ಲ. ಅಡಿಗೆಮನೆ ಬಾಗಿಲಲ್ಲಿದ್ದ ಅತ್ತೆ ನನ್ನನ್ನು ನೋಡಿದರು. ನಮ್ಮವರೂ ಒಂದು ಕ್ಷಣ ನನ್ನ ಕಡೆ ನೋಡಿ, ಫೋನು ತೆಗೆದುಕೊಂಡು ಅಂಗಳಕ್ಕೆ ಹೋದರು. ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. "ನಾಳೆ ಬೇಡ ಮಾರಾಯ, ನಾಳಿದ್ದು," ಅಂತ ಹೇಳುವುದು ಕೇಳಿಸಿತು.

ನಾನು ಒಳಗೆ ಹೋಗಿ ಬೆಲ್ಲದ ಕಾಫಿ ಸೋಸಿದೆ. ಲೋಟ ಹಿಡಿದುಕೊಂಡು ಬಂದವಳು ಮಾವನ ಕುರ್ಚಿ ಸುತ್ತು ಹಾಕಿ ಎಡಗಡೆಗೆ ಹೋದೆ.

"ಮಾವ, ಬೆಲ್ಲ ಒಂಚೂರು ಕಮ್ಮಿ ಹಾಕಿದೀನಿ," ಅಂದೆ, ಮಾಮೂಲಿ ದನಿಯಲ್ಲಿ.

"ಪರವಾಗಿಲ್ಲ, ಕೊಡು," ಅಂದರು.