ಸೀರೆಯ ಹಣ ವಾಪಸಿನ ಬಗ್ಗೆ

ನಮಸ್ಕಾರ ಅಕ್ಕ,

ನಿನ್ನೆ ರಾತ್ರಿ ನಿಮ್ಮ ಮೆಸೇಜ್ ನೋಡಿ ತುಂಬಾ ಬೇಜಾರಾಯಿತು. ಮಾವನವರು ತೀರಿಕೊಂಡದ್ದು, ಮನೆ ಒಕ್ಕಲು ಮುಂದೆ ಹೋದದ್ದು ಗೊತ್ತೇ ಇರಲಿಲ್ಲ. ಅವತ್ತು ನೀವು ಸೀರೆ ಆರಿಸುವಷ್ಟು ಹೊತ್ತೂ ಅವರು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದರು. ಕೆಂಪಂಚಿನ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಒಕ್ಕಲಿಗೆ ಒಳ್ಳೆಯದು" ಅಂದದ್ದು ಅವರೇ.

ಹಣದ ವಿಷಯ ಮೊದಲೇ ಹೇಳುತ್ತೇನೆ. ನಾಲ್ಕು ಸೀರೆಯ 7,400 ರೂಪಾಯಿ ವಾಪಸ್ ಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ. ಬಿಲ್ ಏಪ್ರಿಲ್ 18ರದ್ದು, ಇವತ್ತಿಗೆ 52 ದಿನ. ನಮ್ಮಲ್ಲಿ ವಾಪಸಿಗೆ 15 ದಿನ, ಅದೂ ಫಾಲ್ ಹೊಲಿಯದ ಸೀರೆಗೆ ಮಾತ್ರ. ಕೈಮಗ್ಗದ ಸೀರೆ ಮಗ್ಗದಿಂದ ಇಳಿದ ಕೂಡಲೇ ನೇಯ್ದವರಿಗೆ ದುಡ್ಡು ಮುಟ್ಟಿಸುತ್ತೇವೆ. ಅವರಲ್ಲಿ ಹೆಚ್ಚಿನವರು ಪ್ರಾಯವಾದವರು, ಕಾಯಿಸಲಿಕ್ಕೆ ಮನಸ್ಸು ಬರುವುದಿಲ್ಲ. ಕಳೆದ ತಿಂಗಳು ಇನ್ನೊಬ್ಬರಿಗೂ ಇದನ್ನೇ ಹೇಳಿದ್ದೆ. ಅವರ ಮನೆಯಲ್ಲೂ ಸಾವಿನ ಸೂತಕವೇ ಇತ್ತು. ಈಗ ನಿಮಗೆ ಕೊಟ್ಟರೆ ಅವರ ಮುಖ ನೋಡುವುದು ಹೇಗೆ?

ಆದರೆ ಬರೇ "ಇಲ್ಲ" ಅಂದು ಬಿಡುವುದಿಲ್ಲ. ಮಡಿಕೆ ಬಿಚ್ಚದ ಎರಡು ಸೀರೆ ಉಂಟಲ್ಲ, ಅವನ್ನು ತನ್ನಿ. ಪೂರ್ತಿ 3,700 ರೂಪಾಯಿಗೆ ಚೀಟಿ ಬರೆದುಕೊಡುತ್ತೇನೆ. 15 ದಿನದ ಲೆಕ್ಕ ಇದಕ್ಕೆ ಹಿಡಿಯುವುದಿಲ್ಲ. ಮುಂದಿನ ವರ್ಷ ಜೂನ್ ಕೊನೆಯವರೆಗೆ ನಡೆಯುತ್ತದೆ, ಅಷ್ಟರಲ್ಲಿ ವರ್ಷಾಂತಿಕವೂ ಕಳೆದಿರುತ್ತದೆ. ಸೀರೆಯೇ ಆಗಬೇಕೆಂದಿಲ್ಲ, ಪಂಚೆ, ಬೈರಾಸು, ಹಾಸುಬಟ್ಟೆ ಏನೂ ತೆಗೆದುಕೊಳ್ಳಬಹುದು.

ಫಾಲ್ ಹೊಲಿದ, ರವಿಕೆ ಕತ್ತರಿಸಿದ ಎರಡನ್ನು ಹೊಸದೆಂದು ಮಾರಲಿಕ್ಕೆ ಬರುವುದಿಲ್ಲ. ನಿಮಗೆ ದುಡ್ಡಿನ ಅಗತ್ಯವೇ ಇದ್ದರೆ ಅಂಗಡಿಯಲ್ಲಿ ಇಟ್ಟುಹೋಗಿ. ಫಾಲ್ ಹೊಲಿದದ್ದೆಂದು ಹೇಳಿಯೇ, ಸ್ವಲ್ಪ ಕಡಿಮೆಗೆ ಮಾರಿ, ಬಂದದ್ದನ್ನು ಪೂರ್ತಿ ನಿಮಗೆ ಕೊಡುತ್ತೇನೆ. ನನಗೆ ಅದರಲ್ಲಿ ಏನೂ ಬೇಡ. ಎಷ್ಟು ದಿನ ಹಿಡಿಯುತ್ತದೆಂದು ಮಾತ್ರ ಹೇಳಲಾರೆ.

ಕೆಂಪಂಚಿನದ್ದನ್ನು ಇಟ್ಟುಕೊಳ್ಳಿ ಅಂತ ನನ್ನ ಆಸೆ. ಒಕ್ಕಲು ಮುಂದೆ ಹೋಗಿದೆ ಅಷ್ಟೇ, ಆಗದೇ ಹೋಗುವುದಿಲ್ಲ. ಇಟ್ಟುಕೊಳ್ಳುವುದಾದರೆ ಹೀಗೇ ಕಪಾಟಿಗೆ ಹಾಕಬೇಡಿ. ಈ ಸೀರೆಗೆ ಗಂಜಿ ಉಂಟು, ನಮ್ಮ ಮಳೆಗಾಲದ ಪಸೆಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ತಣ್ಣೀರಿನಲ್ಲಿ ಗಂಜಿ ತೆಗೆದು, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿಡಿ. ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಕ್ಕಲಿನ ದಿನ ಗೊತ್ತಾದ ಮೇಲೆ ತಂದುಕೊಟ್ಟರೆ ಮತ್ತೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಕೊಡುವುದು ನನ್ನ ಲೆಕ್ಕ.

ಈ ಮಳೆಯಲ್ಲಿ ನೀವೇ ಬರಬೇಕೆಂದಿಲ್ಲ, ಮಗಳ ಕೈಯಲ್ಲಿ ಬಿಲ್ ಮತ್ತು ಸೀರೆ ಕಳಿಸಿದರೂ ಸಾಕು. ಭಾನುವಾರ ಬಿಟ್ಟು ಬೆಳಿಗ್ಗೆ 10ರಿಂದ ನಾನು ಇರುತ್ತೇನೆ. ಅತ್ತೆಯವರನ್ನು ಕೇಳಿದೆ ಅಂತ ಹೇಳಿ.

ಇಂತು,
ರಥಬೀದಿ ಪಕ್ಕದ ಕೈಮಗ್ಗದ ಅಂಗಡಿಯಿಂದ