ಸ್ಟೆಲ್ಲಾ ಅವರಿಗೆ, ಅಮ್ಮನ ಅಗಲಿಕೆಯ ಈ ದಿನಗಳಲ್ಲಿ

ಪ್ರೀತಿಯ ಸ್ಟೆಲ್ಲಾ ಅವರಿಗೆ,

ನಿನ್ನೆ ಸಮಾಧಿಯ ಬಳಿಯಿಂದ ಹಿಂದಿರುಗಿದ ಮೇಲೆ ನಿಮ್ಮೊಡನೆ ಸ್ವಲ್ಪ ಹೊತ್ತು ಕೂರಬೇಕೆಂದು ಎರಡು ಸಲ ನಿಮ್ಮ ಗೇಟಿನವರೆಗೆ ಬಂದೆ. ಮನೆತುಂಬ ಬಂಧುಗಳಿದ್ದರು, ನೀವು ಒಬ್ಬೊಬ್ಬರಿಗೂ ಎದ್ದುನಿಂತು ಉತ್ತರಿಸುತ್ತಿದ್ದಿರಿ. ಇನ್ನೊಬ್ಬಳಿಗಾಗಿ ನಿಮ್ಮನ್ನು ಮತ್ತೆ ಏಳಿಸುವುದು ಬೇಡವೆನಿಸಿ ಹಿಂದಿರುಗಿಬಿಟ್ಟೆ. ಆಡದೆ ಉಳಿದ ಮಾತುಗಳನ್ನು ಈ ಕಾಗದದಲ್ಲಿ ಬರೆದಿದ್ದೇನೆ. ಇದನ್ನು ಇಂದೇ ಓದಬೇಕೆಂದಿಲ್ಲ, ಓದಿದ ಮೇಲೆ ಉತ್ತರಿಸಲೂಬೇಕಿಲ್ಲ.

ಅಮ್ಮ ತೀರಿಕೊಂಡ ಸುದ್ದಿಯನ್ನು ನೀವು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಮಾತು: "ಋಣ ಮುಗಿಯಿತು." ಅದೃಷ್ಟವಶಾತ್ ನಾನು ಅದನ್ನು ನುಂಗಿಕೊಂಡೆ. ಯಾವ ಋಣ ಮುಗಿಯಿತು? ನನ್ನ ಮಟ್ಟಿಗೆ ಅವರ ಋಣ ತೀರಲು ಇನ್ನೂ ಬಹಳವಿದೆ. ಆರು ವರ್ಷಗಳ ಹಿಂದೆ ನನ್ನ ಅತ್ತೆ ತೀರಿಕೊಂಡ ದಿನ ನಿಮ್ಮ ತಾಯಿ ನಮ್ಮ ಮನೆಗೆ ಬಂದದ್ದು ನಿಮಗೆ ನೆನಪಿರಬಹುದು, ಆದರೆ ಆ ಮಧ್ಯಾಹ್ನ ನಮ್ಮಿಬ್ಬರ ನಡುವೆ ನಡೆದದ್ದನ್ನು ನಾನು ನಿಮಗೂ ಹೇಳಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೊರಟುಹೋದ ಮೇಲೆ ಅವರು ಒಳಕೋಣೆಗೆ ಬಂದು, ನನ್ನ ಪಕ್ಕದಲ್ಲಿ ನೆಲದ ಮೇಲೇ ಕುಳಿತು, "ಶಾರದಾ, ನಿಮ್ಮಲ್ಲಿ ಇಂಥ ಹೊತ್ತಿನಲ್ಲಿ ಏನು ಹೇಳಬೇಕೋ ನನಗೆ ತಿಳಿಯದಮ್ಮ. ತಪ್ಪು ಮಾತಾಡುವುದಕ್ಕಿಂತ ಸುಮ್ಮನೆ ಕೂತಿರುತ್ತೇನೆ" ಎಂದರು. ಹಾಗೆಯೇ ಕುಳಿತಿದ್ದರು. ಸೆರಗಿನ ಮರೆಯಲ್ಲಿ ಅವರ ಹೆಬ್ಬೆರಳು ಒಂದೇ ಲಯದಲ್ಲಿ ಅಲುಗುತ್ತಿತ್ತು. ಜಪಸರದ ಮಣಿಗಳನ್ನು ಎಣಿಸುತ್ತಿದ್ದಾರೆಂದು ನನಗೆ ತಿಳಿದದ್ದು ಸ್ವಲ್ಪ ಹೊತ್ತಿನ ಮೇಲೆ. ಎದ್ದು ಹೊರಡುವಾಗ ಮಾತ್ರ, "ನಿಮ್ಮ ಅತ್ತೆಯ ಹೆಸರು ಹೇಳಿ ನಾನು ಪ್ರಾರ್ಥನೆ ಮಾಡಬಹುದೇ? ನಿಮಗೇನೂ ಅಭ್ಯಂತರವಿಲ್ಲವಷ್ಟೇ?" ಎಂದು ಕೇಳಿದರು. ಅನುಮತಿ ಕೇಳಿ ಪ್ರಾರ್ಥಿಸಿದ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಅವರಿಂದ ಕಲಿತ ಆ ಎಚ್ಚರವನ್ನೇ ಇಟ್ಟುಕೊಂಡು ಇದನ್ನು ಬರೆಯಲು ಪ್ರಯತ್ನಿಸುತ್ತಿದ್ದೇನೆ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎಂದು ಬರೆದುಬಿಡುವುದು ಸುಲಭ, ಕೇಳಲೂ ಹಿತ. ಆದರೆ ನಿಮ್ಮ ತಾಯಿ ಯಾವ ಭರವಸೆಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರೋ ಅದನ್ನು ನನ್ನ ಮಾತಿನೊಳಗೆ ಕರಗಿಸಿಬಿಡುವುದು ಅವರಿಗೆ ತೋರುವ ಗೌರವವಲ್ಲ. ಅವರು ತಮ್ಮ ಪ್ರಭುವಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾರೆ, ಅಂತಿಮ ದಿನದಲ್ಲಿ ಪುನರುತ್ಥಾನ ಹೊಂದುತ್ತಾರೆ, ನೀವು ಅವರನ್ನು ಬೇರಾರೋ ಆಗಿ ಅಲ್ಲ, ನಿಮ್ಮ ಅಮ್ಮನಾಗಿಯೇ ಮತ್ತೆ ಕಾಣುತ್ತೀರಿ ಎಂಬುದು ನಿಮ್ಮ ನಂಬಿಕೆ. ದೇಹ ಅಳಿದರೂ ಆತ್ಮಕ್ಕೆ ಅಳಿವಿಲ್ಲ, ಅದು ತನ್ನ ದಾರಿಯನ್ನು ಮುಂದುವರಿಸಿ ಎಂದಾದರೊಂದು ದಿನ ಎಲ್ಲ ಬಂಧನಗಳಿಂದ ಬಿಡುಗಡೆ ಪಡೆಯುತ್ತದೆ ಎಂಬುದು ನಾನು ಬೆಳೆದ ನಂಬಿಕೆ. ಇವೆರಡೂ ಒಂದೇ ಅಲ್ಲ. ಆದರೂ ನಿನ್ನೆ ಅಲ್ಲಿ ನಿಂತಿದ್ದಾಗ ಅವೆರಡೂ ಒಂದಕ್ಕೊಂದು ಬಹಳ ಹತ್ತಿರದಲ್ಲಿ ಕುಳಿತಂತೆ ನನಗೆ ಅನಿಸಿತು.

ನಮ್ಮಲ್ಲಿ ದೇಹವನ್ನು ಅಗ್ನಿಗೆ ಒಪ್ಪಿಸುವುದನ್ನೇ ಕಂಡವಳು ನಾನು; ಮಣ್ಣಿಗೆ ಒಪ್ಪಿಸುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದು ನಿನ್ನೆಯೇ ಮೊದಲು. ಎಲ್ಲರೂ ಹಿಡಿಮಣ್ಣು ಹಾಕುತ್ತಿದ್ದಾಗ, ಹೊರಗಿನವಳಾದ ನಾನು ಹಾಕಬಹುದೋ ಬಾರದೋ ತಿಳಿಯದೆ ಹಿಂದೆ ಸರಿದು ನಿಂತಿದ್ದೆ. ನಿಮ್ಮ ಅಣ್ಣ ಅದನ್ನು ಗಮನಿಸಿ, ಏನೂ ಮಾತಾಡದೆ ಬಂದು, ನನ್ನ ಅಂಗೈಯನ್ನು ಬಿಡಿಸಿ ಅದರಲ್ಲಿ ಮಣ್ಣು ಹಾಕಿದರು. ಸ್ವಲ್ಪ ತೇವವಿದ್ದ, ಬೆಚ್ಚಗಿನ ಮಣ್ಣು. ಮನೆಗೆ ಬಂದು ಕೈ ತೊಳೆದ ಮೇಲೂ ಉಗುರಿನ ಸಂದಿನಲ್ಲಿ ಒಂದಿಷ್ಟು ಉಳಿದಿತ್ತು. ಸಾವಿನ ಮನೆಯಿಂದ ಬಂದ ಕೂಡಲೇ ತಲೆಗೆ ನೀರು ಹಾಕಿಕೊಳ್ಳುವ ಮನೆಯವಳು ನಾನು, ಆದರೂ ನಿನ್ನೆ ರಾತ್ರಿ ಆ ಮಣ್ಣನ್ನು ಉಜ್ಜಿ ತೆಗೆಯಲು ಮನಸ್ಸು ಬರಲಿಲ್ಲ.

ಗುರುಗಳು ಆಗ ಓದಿದ ವಾಕ್ಯಗಳಲ್ಲಿ ಬೀಜದ ಮಾತಿತ್ತು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದ್ದೆಂದು ಆಮೇಲೆ ನಿಮ್ಮ ಅಣ್ಣನನ್ನು ಕೇಳಿ ತಿಳಿದುಕೊಂಡೆ: ಬಿತ್ತಿದ ಕಾಳು ಸತ್ತ ಹೊರತು ಜೀವ ಪಡೆಯದು, ಅಳಿಯುವ ದೇಹವಾಗಿ ಬಿತ್ತಿದ್ದು ಅಳಿವಿಲ್ಲದ್ದಾಗಿ ಏಳುತ್ತದೆ ಎಂಬ ಭಾವದ ಮಾತು. ಅದು ಕಿವಿಗೆ ಬಿದ್ದ ಕ್ಷಣ ನನಗೆ ಕಠೋಪನಿಷತ್ತಿನ ನಚಿಕೇತ ನೆನಪಾದ. ಯಮನ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದು, ಸತ್ತ ಮೇಲೆ ಏನಾಗುತ್ತದೆ ಎಂದು ಯಮನನ್ನೇ ಕೇಳಿದ ಹುಡುಗ. ಅವನೂ ಮೊದಲಲ್ಲೇ, ಮನುಷ್ಯನು ಸಸ್ಯದಂತೆ ಮಾಗುತ್ತಾನೆ, ಸಸ್ಯದಂತೆಯೇ ಮತ್ತೆ ಹುಟ್ಟುತ್ತಾನೆ ಎನ್ನುತ್ತಾನೆ. ನಮ್ಮ ಕಾಳು ಮತ್ತೆ ಮತ್ತೆ ಮೊಳೆಯುವುದು. ನಿಮ್ಮ ಕಾಳು ಒಮ್ಮೆ ಬಿದ್ದು ಶಾಶ್ವತವಾಗಿ ಏಳುವುದು. ಸಾವನ್ನು ಕಂಡು ಇಬ್ಬರಿಗೂ ಹೊಳೆದದ್ದು ಮಾತ್ರ ಮಣ್ಣಿನೊಳಗಿನ ಬೀಜವೇ. ನಾನು ಕೈಯಲ್ಲಿದ್ದ ಮಣ್ಣನ್ನು ನಿಮ್ಮ ನಂಬಿಕೆಯಂತೆ ಬಿತ್ತನೆಯ ಮಣ್ಣೆಂದೇ ತಿಳಿದು ಹಾಕಿದೆ. ಅದರಲ್ಲಿ ನನಗೆ ಯಾವ ಸಂಕೋಚವೂ ಆಗಲಿಲ್ಲ.

ನಿಮಗೆ ಹೇಳಬೇಕೆಂದಿದ್ದ ಇನ್ನೊಂದು ಮಾತು ಅಳುವಿನ ಬಗ್ಗೆ. ನಿನ್ನೆ ನಿಮ್ಮನ್ನು ಸಂತೈಸಲು ಬಂದ ಹಲವರು, 81 ವರ್ಷದ ತುಂಬುಜೀವನ, ನಾಲ್ಕು ತಿಂಗಳ ನರಳಾಟದಿಂದ ಬಿಡುಗಡೆ, ದೇವರ ಬಳಿ ಹೋದವರಿಗಾಗಿ ಅಳಬಾರದು ಎಂದೆಲ್ಲ ಹೇಳಿದ್ದನ್ನು ಕೇಳಿಸಿಕೊಂಡೆ. ಅವರ ಉದ್ದೇಶ ಒಳ್ಳೆಯದೇ. ನಮ್ಮವರೂ ಆತ್ಮಕ್ಕೆ ಸಾವಿಲ್ಲವೆಂಬ ಗೀತೆಯ ಮಾತನ್ನು ಇಂಥ ಹೊತ್ತಿನಲ್ಲಿ ಅಳುವವರ ಬಾಯಿ ಮುಚ್ಚಿಸಲು ಬಳಸುವುದುಂಟು, ಅತ್ತೆ ಹೋದಾಗ ನನಗೂ ಅದನ್ನು ಹೇಳಿದ್ದರು. ಎಂಬತ್ತೊಂದಾದರೂ ಅಮ್ಮ ಅಮ್ಮನೇ ಅಲ್ಲವೇ? ಲಾಜರನ ಸಮಾಧಿಯ ಬಳಿಗೆ ಹೋದ ಯೇಸುಸ್ವಾಮಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ತಾನೇ ಅವನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ, ಅವನ ಅಕ್ಕತಂಗಿಯರ ಅಳುವನ್ನು ಕಂಡು ತಾನೂ ಕಣ್ಣೀರಿಟ್ಟನೆಂಬುದನ್ನು ನಿಮ್ಮ ತಾಯಿಯೇ ಒಮ್ಮೆ ನನಗೆ ಹೇಳಿದ್ದರು. ಅದಕ್ಕೆ ನಾನು ನಮ್ಮ ರಾಮನ ಕಥೆ ಹೇಳಿದ್ದೆ: ಚಿತ್ರಕೂಟದಲ್ಲಿ ಭರತನ ಬಾಯಿಂದ ತಂದೆಯ ಸಾವಿನ ಸುದ್ದಿ ಕೇಳಿದಾಗ ಆತ ಕಡಿದ ಮರದಂತೆ ನೆಲಕ್ಕೆ ಬಿದ್ದು, ಎಚ್ಚರವಾದ ಮೇಲೆ ಅತ್ತನೇ ಹೊರತು ತತ್ತ್ವ ಹೇಳಲಿಲ್ಲ. ನಿಮ್ಮ ತಾಯಿ ಅದನ್ನು ಕೇಳಿ, "ನೋಡಿದೆಯಾ, ದೇವರೂ ಅತ್ತಿದ್ದಾರೆ, ಇನ್ನು ನಾವು ಅತ್ತರೆ ಕೇಳುವವರಾರು?" ಎಂದು ನಕ್ಕಿದ್ದರು. ಆದ್ದರಿಂದ ಸ್ಟೆಲ್ಲಾ, ಯಾರು ಏನೇ ಹೇಳಲಿ, ಅಳು ಬಂದಾಗ ಅತ್ತುಬಿಡಿ. ನೀವು ಅಳುವುದರಿಂದ ನಿಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬಾರದು. ಅಮ್ಮನೇ ಅದಕ್ಕೆ ಅಪ್ಪಣೆ ಕೊಟ್ಟು ಹೋಗಿದ್ದಾರೆ.

ಕೊನೆಯ ವಾರಗಳಲ್ಲಿ ನೀವು ಅವರನ್ನು ನೋಡಿಕೊಂಡ ರೀತಿಯನ್ನು ಕಿಟಕಿಯಾಚೆಯಿಂದ ಕಂಡವಳು ನಾನು. ನಡುರಾತ್ರಿ ನಿಮ್ಮ ಕೋಣೆಯ ದೀಪ ಹೊತ್ತಿಕೊಳ್ಳುತ್ತಿತ್ತು, ಒಮ್ಮೊಮ್ಮೆ ಬೆಳಗಿನವರೆಗೂ ಆರುತ್ತಿರಲಿಲ್ಲ. ಇನ್ನೂ ಏನಾದರೂ ಮಾಡಬಹುದಿತ್ತೇನೋ ಎಂಬ ಪ್ರಶ್ನೆ ಮುಂದಿನ ದಿನಗಳಲ್ಲಿ ನಿಮ್ಮನ್ನು ಕಾಡಲು ಬಂದರೆ, ಆ ದೀಪಕ್ಕೆ ನಾನು ಸಾಕ್ಷಿ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈಗ ನಾನು ನಿಮ್ಮಲ್ಲಿ ಒಂದು ಅನುಮತಿ ಕೇಳಬೇಕು. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಅಮ್ಮನ ಹೆಸರನ್ನೂ ನೆನೆಯಬೇಕೆಂಬ ಆಸೆ ನನಗಿದೆ. ಅವರಿಗಾಗಿ ನಮ್ಮ ಪದ್ಧತಿಯ ಯಾವ ಕರ್ಮವನ್ನೂ ನಾನು ಮಾಡುವುದಿಲ್ಲ. ಅದು ಅವರ ದಾರಿಯಲ್ಲ. ಕತ್ತಲೆಯಿಂದ ಬೆಳಕಿಗೆ, ಸಾವಿನಿಂದ ಅಮೃತತ್ವಕ್ಕೆ ನಡೆಸೆಂಬ ನಮ್ಮ ಉಪನಿಷತ್ತಿನ ಬೇಡಿಕೆಯನ್ನು ಅವರ ಹೆಸರಿನಲ್ಲಿ ಒಮ್ಮೆ ಹೇಳುತ್ತೇನೆ. ನಿತ್ಯ ವಿಶ್ರಾಂತಿಯನ್ನೂ ಆರದ ಬೆಳಕನ್ನೂ ಅವರಿಗೆ ದಯಪಾಲಿಸೆಂದು ನಿನ್ನೆ ನೀವೆಲ್ಲರೂ ಒಟ್ಟಾಗಿ ಬೇಡಿದಿರಿ; ನಾನು ಕೇಳುವ ಬೆಳಕು ಅದರ ಪಕ್ಕದಲ್ಲಿ ಒಂದು ಚಿಕ್ಕ ಬತ್ತಿಯಾಗಿ ಇರಲಿ. ನಿಮ್ಮ ಮನಸ್ಸಿಗೆ ಇದು ಸರಿಯೆನಿಸದಿದ್ದರೆ ಸಂಕೋಚವಿಲ್ಲದೆ ಹೇಳಿ, ನಾನು ಅವರನ್ನು ಮೌನವಾಗಿಯೇ ನೆನೆಯುತ್ತೇನೆ.

ಏಳನೆಯ ದಿನದ ಪೂಜೆಗೆ ನೀವು ಬೇಡವೆನ್ನದಿದ್ದರೆ ನಾನೂ ನನ್ನ ಯಜಮಾನರೂ ದೇವಾಲಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದು ನಮಗೆ ತಿಳಿಯದು, ತಪ್ಪಿದರೆ ಕ್ಷಮಿಸಿ. ದೂರದಿಂದ ಬರುವ ನೆಂಟರಿಗೆ ನಮ್ಮ ಮಹಡಿಯ ಕೋಣೆಯನ್ನು ಗುಡಿಸಿ, ಹಾಸಿಗೆ ಹಾಸಿ ಇಟ್ಟಿದ್ದೇನೆ. ನಿಮ್ಮ ಮಗಳಿಗೆ ಪರೀಕ್ಷೆ ಹತ್ತಿರ ಬಂದಿದೆಯಲ್ಲ, ಅವಳು ಓದಲು ನಮ್ಮ ಮನೆಗೆ ಬರಲಿ, ಇಲ್ಲಿ ಗದ್ದಲವಿಲ್ಲ. ಅಜ್ಜಿಯ ಬಗ್ಗೆ ಮಾತಾಡಬೇಕೆನಿಸಿದರೂ ಬರಲಿ. ಅಮ್ಮ ನೀರು ಹಾಕುತ್ತಿದ್ದ ಗುಲಾಬಿಯ ಕುಂಡಗಳಿಗೆ ನಿನ್ನೆ ಮತ್ತು ಇಂದು ಬೆಳಗ್ಗೆ ಗೋಡೆಯ ಈಚೆಯಿಂದಲೇ ಪೈಪು ಹಿಡಿದು ನೀರು ಬಿಟ್ಟಿದ್ದೇನೆ. ನೀವು ಆ ಕಡೆ ಗಮನ ಕೊಡುವಂತಾಗುವವರೆಗೆ ಅದು ನನ್ನ ಪಾಲಿನ ಕೆಲಸವಾಗಿರಲಿ.

ನೆಂಟರೆಲ್ಲ ಹೊರಟುಹೋಗಿ ಮನೆ ಖಾಲಿಯಾಗುವ ದಿನವೇ ಹೆಚ್ಚು ಕಷ್ಟದ್ದೆಂದು ನನಗೆ ಅನುಭವದಿಂದ ಗೊತ್ತು. ಆ ಮಧ್ಯಾಹ್ನ ನಾನು ಬರುತ್ತೇನೆ. ನನಗೂ ಏನು ಹೇಳಬೇಕೋ ತಿಳಿಯದು, ಸುಮ್ಮನೆ ಕೂತಿರುತ್ತೇನೆ.

ನಿಮ್ಮ ದುಃಖದಲ್ಲಿ ಭಾಗಿಯಾದ,
ಪಕ್ಕದ ಮನೆಯ ಶಾರದಾ